223ನೆಯ ದಿನ: ಮೊಟ್ಟೆ ಪೆಟ್ಟಿಗೆಯ ಮೇಲಿನ ತಾರೀಕು ಹೇಳುವುದೇನು?

2010ರ ಆಗಸ್ಟ್ 13, ಶುಕ್ರವಾರ. ಅಮೆರಿಕದ ಅಯೋವಾ ರಾಜ್ಯದ ರೈಟ್ ಕೌಂಟಿ ಎಗ್ ಎಂಬ ಕಂಪನಿ, ತಾನು ಮಾರಿದ್ದ ಮೊಟ್ಟೆಗಳನ್ನು ವಾಪಸು ಪಡೆಯುವುದಾಗಿ ಪ್ರಕಟಣೆ ಹೊರಡಿಸಿತು. ಆ ಮೊಟ್ಟೆಗಳು ಹತ್ತಕ್ಕೂ ಹೆಚ್ಚು ಬೇರೆ ಬೇರೆ ಬ್ರ್ಯಾಂಡುಗಳ ಹೆಸರಿನಲ್ಲಿ ಹಲವು ರಾಜ್ಯಗಳಿಗೆ ಹೋಗಿದ್ದವು. ಹೀಗಾಗಿ ಬ್ರ್ಯಾಂಡಿನ ಹೆಸರು ನೋಡಿ ತಮ್ಮ ಮನೆಯ ಮೊಟ್ಟೆ ಯಾವ ಫಾರ್ಮಿನದು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಪ್ರಕಟಣೆ ಜನರಿಗೆ ಹೇಳಿದ್ದಿಷ್ಟು: ಪೆಟ್ಟಿಗೆಯ ತುದಿಯಲ್ಲಿ ಒತ್ತಿರುವ ಅಂಕಿಗಳನ್ನು ನೋಡಿ. ಮೊದಲು ‘ಪಿ’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಅದರ ಪಕ್ಕ ಮೂರು ಅಂಕಿಯ ಇನ್ನೊಂದು ಸಂಖ್ಯೆ ಇರುತ್ತದೆ. ಉದಾಹರಣೆಗೆ ‘ಪಿ-1946 223’. ಮೊದಲ ಸಂಖ್ಯೆ 1026, 1413 ಅಥವಾ 1946 ಆಗಿದ್ದು, ಎರಡನೆಯದು 136ರಿಂದ 225ರ ಒಳಗಿದ್ದರೆ ಆ ಮೊಟ್ಟೆ ತಿನ್ನಬೇಡಿ.

ವರ್ಷಗಟ್ಟಲೆ ಆ ಅಂಗಡಿಗಳಲ್ಲಿ ಮೊಟ್ಟೆ ಕೊಂಡವರಲ್ಲೂ ಅನೇಕರು ಆ ಅಂಕಿಗಳನ್ನು ಓದಿದ್ದು ಅವತ್ತೇ ಮೊದಲು. ಅವು ಗಿರಾಕಿಗಾಗಿ ಬರೆದ ಅಂಕಿಗಳೂ ಆಗಿರಲಿಲ್ಲ. ‘ಪಿ’ ಎಂದರೆ ಪ್ಲಾಂಟ್, ಅಂದರೆ ಮೊಟ್ಟೆಗಳನ್ನು ತೊಳೆದು, ವಿಂಗಡಿಸಿ, ಪೆಟ್ಟಿಗೆಗೆ ತುಂಬಿದ ಜಾಗ. ಮೂರಂಕಿಯ ಸಂಖ್ಯೆ ಆ ಕೆಲಸ ನಡೆದ ದಿನ. ಜನವರಿ 1 ಎಂದರೆ 001, ಡಿಸೆಂಬರ್ 31 ಎಂದರೆ 365. ತಿಂಗಳಿನ ಹೆಸರಿಲ್ಲದೆ ವರ್ಷದ ಮೊದಲಿನಿಂದ ದಿನಗಳನ್ನು ಸುಮ್ಮನೆ ಎಣಿಸಿಕೊಂಡು ಹೋಗುವ ಲೆಕ್ಕ ಇದು.

ಲೆಕ್ಕ ಬಿಡಿಸಿ ನೋಡೋಣ. ಜುಲೈ ಕೊನೆಗೆ 212 ದಿನಗಳು ಮುಗಿಯುತ್ತವೆ, ಆದ್ದರಿಂದ 223 ಎಂದರೆ ಆಗಸ್ಟ್ 11. ಏಪ್ರಿಲ್ ಕೊನೆಗೆ 120 ದಿನ, ಆದ್ದರಿಂದ 136 ಎಂದರೆ ಮೇ 16. 225 ಎಂದರೆ ಆಗಸ್ಟ್ 13, ಪ್ರಕಟಣೆ ಬಂದ ದಿನವೇ. ಅಧಿಕ ವರ್ಷದಲ್ಲಿ ಫೆಬ್ರುವರಿ 29ರ ನಂತರದ ಪ್ರತಿ ದಿನಕ್ಕೂ ಒಂದು ಸಂಖ್ಯೆ ಹೆಚ್ಚಾಗುತ್ತದೆ, ಕೊನೆಯ ದಿನ 366 ಆಗುತ್ತದೆ. 2010 ಅಧಿಕ ವರ್ಷವಲ್ಲ.

ಈ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ಮೇ 16ರಂದು ಪ್ಯಾಕ್ ಆದ ಮೊಟ್ಟೆಗಳಲ್ಲಿ ಹೆಚ್ಚಿನವು ಆಗಸ್ಟಿನ ಹೊತ್ತಿಗೆ ಜನರ ಹೊಟ್ಟೆ ಸೇರಿ ಎಷ್ಟೋ ಕಾಲವಾಗಿತ್ತು. ಆದರೆ ಆಗಸ್ಟ್ 11ರಂದು ಪ್ಯಾಕ್ ಆದವು ಇನ್ನೂ ತಾಜಾ. ಪೆಟ್ಟಿಗೆಯ ಮೇಲಿನ ಮಾರಾಟದ ಕೊನೆಯ ದಿನಕ್ಕೆ ವಾರಗಳೇ ಬಾಕಿ. ಆದರೂ ಎರಡೂ ಒಂದೇ ಪಟ್ಟಿಯಲ್ಲಿದ್ದವು. ತಾರೀಕಿನ ಪ್ರಕಾರ ಎಳೆಯದಾದ ಮೊಟ್ಟೆಯೂ ಅಪಾಯದ ಮೊಟ್ಟೆಯಾಗಿರಬಹುದು ಎಂದಾದರೆ, ಆ ತಾರೀಕು ಅಳೆಯುವುದಾದರೂ ಏನನ್ನು? ಉತ್ತರಕ್ಕೆ ನೂರು ವರ್ಷ ಹಿಂದೆ ಹೋಗಬೇಕು.

ವಸಂತದ ಮೊಟ್ಟೆ, ಚಳಿಗಾಲದ ಅಂಗಡಿ

ಈಗ ಮೊಟ್ಟೆ ವರ್ಷವಿಡೀ ಸಿಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಹಾಗಿರಲಿಲ್ಲ. ಹಗಲು ಉದ್ದವಾಗುತ್ತಿದ್ದಂತೆ ಕೋಳಿ ಹೆಚ್ಚು ಮೊಟ್ಟೆ ಇಡುತ್ತದೆ, ಚಳಿಗಾಲದ ಚಿಕ್ಕ ಹಗಲುಗಳಲ್ಲಿ ಬಹುಮಟ್ಟಿಗೆ ನಿಲ್ಲಿಸುತ್ತದೆ. ಕೋಳಿಮನೆಗಳಿಗೆ ವಿದ್ಯುದ್ದೀಪ ಬರುವವರೆಗೆ ಮೊಟ್ಟೆಗೂ ಮಾವಿನ ಹಣ್ಣಿನಂತೆ ಒಂದು ಸುಗ್ಗಿ ಇತ್ತು. ಮಾರ್ಚ್‌ನಿಂದ ಜೂನ್‌ವರೆಗೆ ರಾಶಿ, ಡಿಸೆಂಬರಿನಲ್ಲಿ ಬರ. ಮನೆಗಳಲ್ಲಿ ಜನ ಮೊಟ್ಟೆಗಳನ್ನು ಸುಣ್ಣದ ತಿಳಿನೀರಿನಲ್ಲೋ, ಸೋಡಿಯಂ ಸಿಲಿಕೇಟ್ ಕರಗಿಸಿದ ದ್ರಾವಣದಲ್ಲೋ ಮುಳುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಚಿಪ್ಪಿನ ಸಣ್ಣ ರಂಧ್ರಗಳು ಮುಚ್ಚಿಕೊಂಡರೆ ಒಳಗಿನದು ಉಳಿಯುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ವ್ಯಾಪಾರಿಗಳು ವಸಂತದ ಮೊಟ್ಟೆಗಳನ್ನು ಶೀತಲ ಗೋದಾಮುಗಳಲ್ಲಿ ತುಂಬಿಟ್ಟು ಚಳಿಗಾಲದಲ್ಲಿ ಮಾರುತ್ತಿದ್ದರು.

ಜಗಳ ಹುಟ್ಟಿದ್ದು ಅಲ್ಲಿ. ಏಪ್ರಿಲ್ ತಿಂಗಳ ಮೊಟ್ಟೆಯನ್ನು ಡಿಸೆಂಬರಿನಲ್ಲಿ ‘ತಾಜಾ’ ಎಂದು ಮಾರಿದರೆ ಹೊರಗಿನಿಂದ ಕಂಡುಹಿಡಿಯುವುದು ಹೇಗೆ? ಹಾಲು ಒಡೆಯುತ್ತದೆ, ಹಣ್ಣು ಕಪ್ಪಾಗುತ್ತದೆ. ಮೊಟ್ಟೆಯ ಚಿಪ್ಪು ಮಾತ್ರ ಮೊದಲ ದಿನವೂ ನೂರನೆಯ ದಿನವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಕತ್ತಲೆಯಲ್ಲಿ ಮೊಟ್ಟೆಯನ್ನು ದೀಪದೆದುರು ಹಿಡಿದು, ಒಳಗಿನ ಗಾಳಿಯ ಜಾಗ ಎಷ್ಟು ದೊಡ್ಡದಾಗಿದೆ, ಹಳದಿಯ ನೆರಳು ಎಷ್ಟು ಅಲುಗಾಡುತ್ತದೆ ಎಂದು ನೋಡುವುದು ಹಳೆಯ ಕಾಲದಿಂದ ಬಂದ ಪರೀಕ್ಷೆ. ಅಮೆರಿಕದ ಕೃಷಿ ಇಲಾಖೆಯ ಆಹಾರ ಸಂಶೋಧನಾ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದ ರಸಾಯನಶಾಸ್ತ್ರಜ್ಞೆ ಮೇರಿ ಎಂಗಲ್ ಪೆನಿಂಗ್ಟನ್ (1872–1952) ಮೊಟ್ಟೆ, ಕೋಳಿಮಾಂಸಗಳು ಫಾರ್ಮಿನಿಂದ ಅಂಗಡಿಯವರೆಗೆ ತಣ್ಣಗೇ ಸಾಗಬೇಕು ಎಂಬುದಕ್ಕಾಗಿ ವರ್ಷಗಟ್ಟಲೆ ದುಡಿದರು. ಎಷ್ಟು ದಿನ ಕಳೆಯಿತು ಎಂಬುದರಷ್ಟೇ ಆ ದಿನಗಳು ಎಂಥ ಕಾವಿನಲ್ಲಿ ಕಳೆದವು ಎಂಬುದೂ ಮುಖ್ಯ ಎನ್ನುವುದು ಆ ಕಾಲದ ಶೀತಲೀಕರಣದ ಕೆಲಸ ಕಲಿಸಿದ ಪಾಠ.

1937ರಲ್ಲಿ ರೇಮಂಡ್ ಹಾ ಎಂಬವರು ಹಳತಾಗುವುದಕ್ಕೆ ಒಂದು ಅಳತೆ ಕೊಟ್ಟರು. ಮೊಟ್ಟೆಯನ್ನು ಸಮತಟ್ಟಾದ ಗಾಜಿನ ಮೇಲೆ ಒಡೆಯುವುದು, ಹಳದಿಯ ಸುತ್ತಲಿನ ಗಟ್ಟಿ ಬಿಳಿಭಾಗ ಎಷ್ಟು ಮಿಲಿಮೀಟರ್ ಎತ್ತರ ನಿಲ್ಲುತ್ತದೆ ಎಂದು ಅಳೆಯುವುದು, ಮೊಟ್ಟೆಯ ತೂಕಕ್ಕೆ ತಕ್ಕಂತೆ ಅದನ್ನು ಸರಿಹೊಂದಿಸುವುದು. ಆ ಅಂಕ ಇಂದಿಗೂ ‘ಹಾ ಯೂನಿಟ್’ ಎಂದೇ ಬಳಕೆಯಲ್ಲಿದೆ. ಅಮೆರಿಕದ ದರ್ಜೆಗಳಲ್ಲಿ 72ಕ್ಕಿಂತ ಕಡಿಮೆ ಇಲ್ಲದ್ದು ಎಎ, 60ಕ್ಕಿಂತ ಕಡಿಮೆ ಇಲ್ಲದ್ದು ಎ. ತಾಜಾ ಮೊಟ್ಟೆ ಗಾಜಿನ ಮೇಲೆ ದಿಬ್ಬದಂತೆ ನಿಲ್ಲುತ್ತದೆ, ಹಳೆಯದು ಚೆಲ್ಲಿದ ಗಂಜಿಯಂತೆ ಹರಡಿಕೊಳ್ಳುತ್ತದೆ. ಇವೆಲ್ಲ ಗುಣಮಟ್ಟದ ಅಳತೆಗಳು. ಮೊಟ್ಟೆ ತಿಂದರೆ ಕಾಯಿಲೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಯಾವ ದೀಪವೂ ಯಾವ ಗಾಜೂ ಕೇಳಿರಲಿಲ್ಲ.

ಮುಚ್ಚಿದ ಅಂಕಿ, ತೆರೆದ ಅಂಕಿ

ಪೆಟ್ಟಿಗೆಯ ಮೇಲೆ ತಾರೀಕು ಬಂದದ್ದು ಮೊದಲಿಗೆ ಗಿರಾಕಿಗಾಗಿ ಅಲ್ಲ. 1970ರ ದಶಕದವರೆಗೆ ಅಮೆರಿಕದ ಎಷ್ಟೋ ಆಹಾರದ ಪೊಟ್ಟಣಗಳ ಮೇಲೆ ಇರುತ್ತಿದ್ದದ್ದು ಸಂಕೇತದ ಅಂಕಿಗಳು. ತಯಾರಕನಿಗೂ ಅಂಗಡಿಯ ಗುಮಾಸ್ತನಿಗೂ ಅವು ಅರ್ಥವಾಗುತ್ತಿದ್ದವು. ಹಳೆಯ ಸರಕನ್ನು ಮುಂದೆ, ಹೊಸದನ್ನು ಹಿಂದೆ ಜೋಡಿಸಲು ಅಷ್ಟು ಸಾಕಾಗಿತ್ತು. ಇದಕ್ಕೆ ಅಲ್ಲಿನವರ ಹೆಸರು ‘ಕ್ಲೋಸ್ಡ್ ಡೇಟಿಂಗ್’. ಗಿರಾಕಿಗಳು ಒತ್ತಾಯಿಸತೊಡಗಿದ ಮೇಲೆ ಎಲ್ಲರೂ ಓದಬಲ್ಲ ತಿಂಗಳು-ದಿನಾಂಕ ಬಂದಿತು. ಅದು ‘ಓಪನ್ ಡೇಟಿಂಗ್’. ಮೊಟ್ಟೆಯ ಪೆಟ್ಟಿಗೆಯಲ್ಲಿ ಇವೆರಡೂ ಪಕ್ಕಪಕ್ಕ ಉಳಿದುಕೊಂಡಿವೆ. ಕೃಷಿ ಇಲಾಖೆಯ ದರ್ಜೆ ಮುದ್ರೆ ಬೇಕೆಂದರೆ ಮೂರಂಕಿಯ ಪ್ಯಾಕಿಂಗ್ ದಿನ ಕಡ್ಡಾಯ. ಓದಬಲ್ಲ ತಾರೀಕನ್ನು ಹಾಕುವುದು ಬಿಡುವುದು ರಾಜ್ಯದ ಕಾನೂನಿಗೆ, ಕಂಪನಿಯ ಇಷ್ಟಕ್ಕೆ ಬಿಟ್ಟದ್ದು.

ಮೂರಂಕಿಯ ಈ ಸಂಖ್ಯೆಗೆ ‘ಜೂಲಿಯನ್ ಡೇಟ್’ ಎಂಬ ಹೆಸರು ಅಂಟಿಕೊಂಡಿದೆ. ಹೆಸರು ತಪ್ಪು. 1583ರಲ್ಲಿ ಜೋಸೆಫ್ ಸ್ಕ್ಯಾಲಿಜರ್ ಎಂಬ ವಿದ್ವಾಂಸ ಇತಿಹಾಸದ ಎಲ್ಲ ಪಂಚಾಂಗಗಳನ್ನು ಹೊಂದಿಸಲು 7980 ವರ್ಷಗಳ ಒಂದು ‘ಜೂಲಿಯನ್ ಅವಧಿ’ಯನ್ನು ರೂಪಿಸಿದ. ಅದರ ಆಧಾರದ ಮೇಲೆ ಖಗೋಳಶಾಸ್ತ್ರಜ್ಞರು ಕ್ರಿಸ್ತಪೂರ್ವ 4713ರಿಂದ ಒಂದೊಂದೇ ದಿನ ಎಣಿಸುತ್ತ ಬಂದಿದ್ದಾರೆ. ಅವರ ಲೆಕ್ಕದಲ್ಲಿ ಈಗಿನ ದಿನಗಳು ಇಪ್ಪತ್ತನಾಲ್ಕು ಲಕ್ಷ ದಾಟಿವೆ. ದಿನಗಳನ್ನು ಸರದಿಯಲ್ಲಿ ಎಣಿಸುವ ಅಭ್ಯಾಸ ಒಂದೇ ಥರದ್ದಾದ್ದರಿಂದ ಕಾರ್ಖಾನೆ ಗೋದಾಮುಗಳ ಭಾಷೆಯಲ್ಲಿ ಹೆಸರು ಜಾರಿ ಇಲ್ಲಿಗೂ ಬಂದು ಕೂತಿತು.

ತಪ್ಪು ಹೆಸರಿಗಿಂತ ತಪ್ಪು ಓದು ಹೆಚ್ಚು ದುಬಾರಿ. ಓದಬಲ್ಲ ತಾರೀಕಿನ ಹಿಂದೆ ಬರುವ ಪದಗಳು ಒಂದೇ ಅರ್ಥದವಲ್ಲ. ‘ಸೆಲ್ ಬೈ’ ಎಂಬ ಮಾತು ಅಂಗಡಿಯವನಿಗೆ ಹೇಳಿದ್ದು: ಈ ದಿನದ ಮೇಲೆ ಮಾರಬೇಡ, ಯಾಕೆಂದರೆ ಕೊಂಡವರು ಮನೆಯಲ್ಲಿ ಇನ್ನೂ ಕೆಲವು ವಾರ ಇಟ್ಟುಕೊಳ್ಳುತ್ತಾರೆ. ‘ಬೆಸ್ಟ್ ಬಿಫೋರ್’ ಅಥವಾ ‘ಬೆಸ್ಟ್ ಬೈ’ ತಿನ್ನುವವರಿಗೆ ಹೇಳಿದ್ದು: ಅಲ್ಲಿಯವರೆಗೆ ರುಚಿ, ಗಟ್ಟಿತನ ಚೆನ್ನಾಗಿರುತ್ತದೆ. ಎರಡೂ ವಿಷದ ಚೀಟಿಗಳಲ್ಲ. ಅಮೆರಿಕದ ದರ್ಜೆ ಮುದ್ರೆಯ ಪೆಟ್ಟಿಗೆಯಲ್ಲಿ ಮಾರಾಟದ ಕೊನೆಯ ದಿನ ಪ್ಯಾಕ್ ಆದ ದಿನವನ್ನೂ ಸೇರಿಸಿ 30 ದಿನ ಮೀರಬಾರದು, ‘ಬೆಸ್ಟ್ ಬೈ’ 45 ದಿನ ಮೀರಬಾರದು. 223ರ ಪೆಟ್ಟಿಗೆಗೆ ಇದನ್ನು ಹಚ್ಚಿದರೆ ಮೊದಲನೆಯದು ಸೆಪ್ಟೆಂಬರ್ 9, ಎರಡನೆಯದು ಸೆಪ್ಟೆಂಬರ್ 24. ಅದೇ ಕೋಳಿ, ಅದೇ ಮೊಟ್ಟೆ, ಹದಿನೈದು ದಿನಗಳ ಅಂತರ. ಪದ ಓದದೆ ತಾರೀಕನ್ನಷ್ಟೇ ಓದಿದವರು ಒಳ್ಳೆಯ ಮೊಟ್ಟೆಯನ್ನು ಹದಿನೈದು ದಿನ ಮೊದಲೇ ಕಸಕ್ಕೆ ಎಸೆದಿರುತ್ತಾರೆ.

ಯುರೋಪಿನಲ್ಲಿ ಎಣಿಕೆ ಶುರುವಾಗುವ ಜಾಗವೇ ಬೇರೆ. ಅಲ್ಲಿ ‘ಬೆಸ್ಟ್ ಬಿಫೋರ್’ ಎಂದರೆ ಕೋಳಿ ಮೊಟ್ಟೆ ಇಟ್ಟ ದಿನದಿಂದ ಹೆಚ್ಚೆಂದರೆ 28 ದಿನ. ಆ ತಾರೀಕಿನಿಂದ 28 ದಿನ ಹಿಂದಕ್ಕೆ ಎಣಿಸಿದರೆ ಮೊಟ್ಟೆ ಇಟ್ಟ ದಿನ ಸುಮಾರಾಗಿ ಸಿಗುತ್ತದೆ. ಅಮೆರಿಕದ ಅಂಕಿ ಪ್ಯಾಕ್ ಮಾಡಿದ ದಿನವನ್ನಷ್ಟೇ ಹೇಳುತ್ತದೆ. ಅದಕ್ಕೆ ಮೊದಲು ಮೊಟ್ಟೆ ಎಷ್ಟು ದಿನ ಕಾದಿತ್ತು ಎಂಬುದು ಅದರಲ್ಲಿ ಇಲ್ಲ.

ಚಿಪ್ಪಿನೊಳಗೆ ಎರಡು ಗಡಿಯಾರ

ಮೊಟ್ಟೆ ಹಳತಾಗುವುದು ಎಂದರೆ ಮುಖ್ಯವಾಗಿ ಉಸಿರು ಬಿಡುವುದು. ಹೊಸ ಮೊಟ್ಟೆಯ ಬಿಳಿಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಆ ಬಿಳಿ ಸ್ವಲ್ಪ ಮಬ್ಬಾಗಿ ಕಾಣುವುದು ಅದರಿಂದಲೇ. ಮಬ್ಬು ಬಿಳಿ ಹಳೆಯದರ ಗುರುತಲ್ಲ, ಹೊಸದರ ಗುರುತು. ದಿನ ಕಳೆದಂತೆ ಈ ಅನಿಲ ಚಿಪ್ಪಿನ ಸಾವಿರಾರು ರಂಧ್ರಗಳಿಂದ ಹೊರಹೋಗುತ್ತದೆ, ಬಿಳಿಭಾಗದ ಕ್ಷಾರತೆ ಏರುತ್ತದೆ, ಅದನ್ನು ಗಟ್ಟಿಯಾಗಿ ಹಿಡಿದಿದ್ದ ಪ್ರೋಟೀನಿನ ಜಾಲ ಸಡಿಲವಾಗಿ ನೀರಾಗುತ್ತದೆ. ನೀರಿನಂಶವೂ ಆವಿಯಾಗಿ ಹೋಗುತ್ತದೆ, ಅದರ ಜಾಗಕ್ಕೆ ಗಾಳಿ ಬರುತ್ತದೆ. ಅಗಲ ತುದಿಯ ಗಾಳಿಯ ಜಾಗ ದೊಡ್ಡದಾಗುತ್ತದೆ. ವಾರ ಕಳೆದ ಮೊಟ್ಟೆಯನ್ನು ಬೇಯಿಸಿದರೆ ಸಿಪ್ಪೆ ಸಲೀಸಾಗಿ ಬಿಡುವುದು ಈ ಕ್ಷಾರತೆಯಿಂದಲೇ. ಇದು ಮೊದಲನೆಯ ಗಡಿಯಾರ. ಪೆಟ್ಟಿಗೆಯ ತಾರೀಕು, ದೀಪದ ಪರೀಕ್ಷೆ, ಹಾ ಯೂನಿಟ್, ಮನೆಯಲ್ಲಿ ಮಾಡುವ ನೀರಿನ ಪರೀಕ್ಷೆ, ಎಲ್ಲವೂ ಓದುವುದು ಇದನ್ನು.

ನೀರಿನ ಪರೀಕ್ಷೆ ಗೊತ್ತಿರುವುದೇ. ಪಾತ್ರೆಯಲ್ಲಿ ತಣ್ಣೀರು ತುಂಬಿ ಮೊಟ್ಟೆ ಬಿಟ್ಟರೆ ಹೊಸದು ತಳದಲ್ಲಿ ಅಡ್ಡ ಮಲಗುತ್ತದೆ, ಸ್ವಲ್ಪ ಹಳೆಯದು ಅಗಲ ತುದಿ ಮೇಲೆತ್ತಿ ನಿಲ್ಲುತ್ತದೆ, ತುಂಬ ಹಳೆಯದು ತೇಲುತ್ತದೆ. ಅಳೆಯುತ್ತಿರುವುದು ಗಾಳಿಯ ಜಾಗವನ್ನು ಮಾತ್ರ. ನಿಂತ ಮೊಟ್ಟೆ ಕೆಟ್ಟದ್ದೇನಲ್ಲ. ತೇಲಿದ್ದು ಅನುಮಾನಕ್ಕೆ ಅರ್ಹ, ಅಷ್ಟೆ.

ಎರಡನೆಯದು ಬ್ಯಾಕ್ಟೀರಿಯಾಗಳ ಗಡಿಯಾರ. ಅದು ಎಲ್ಲ ಮೊಟ್ಟೆಯಲ್ಲೂ ಓಡುವುದಿಲ್ಲ, ಓಡುವಾಗ ಹೊರಗೆ ಕಾಣುವುದೂ ಇಲ್ಲ. ಕೊಳೆಸುವ ಬ್ಯಾಕ್ಟೀರಿಯಾ ಸೇರಿದರೆ ಗೊತ್ತಾಗುತ್ತದೆ. ಒಡೆದಾಗ ಗಂಧಕದ ಕೆಟ್ಟ ನಾತ ಬರುತ್ತದೆ, ಅಥವಾ ಬಿಳಿಭಾಗ ಗುಲಾಬಿ ಬಣ್ಣಕ್ಕೋ ಎಣ್ಣೆ ಹರಡಿದ ನೀರಿನಂಥ ಬಣ್ಣಬಣ್ಣದ ಹೊಳಪಿಗೋ ತಿರುಗಿರುತ್ತದೆ. ಅಂಥದ್ದನ್ನು ಕೂಡಲೇ ಚೆಲ್ಲಬೇಕು. ಸಾಲ್ಮೊನೆಲ್ಲಾ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ನಾತವಿಲ್ಲ, ಅದು ಇರುವ ಮೊಟ್ಟೆ ನೀರಲ್ಲಿ ತೇಲುವುದೂ ಇಲ್ಲ.

1988: ಒಡೆಯದ ಚಿಪ್ಪು, ಒಳಗೆ ರೋಗ

ಚಿಪ್ಪು ಬಿರಿಯದೆ ಶುಚಿಯಾಗಿದ್ದರೆ ಮೊಟ್ಟೆ ಸುರಕ್ಷಿತ ಎಂಬ ನಂಬಿಕೆ ಬಹುಕಾಲ ನಡೆಯಿತು. ರೋಗ ಬಂದರೆ ಹೊರಗಿನ ಹಿಕ್ಕೆಯಿಂದ, ಬಿರುಕಿನಿಂದ ಎಂಬ ಲೆಕ್ಕ ಅದು. ಅಮೆರಿಕ ಮೊಟ್ಟೆಗಳನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಮಾರುವ ಪದ್ಧತಿಯ ಹಿಂದೆಯೂ ಇದೇ ಯೋಚನೆ. ತೊಳೆದಾಗ ಚಿಪ್ಪಿನ ಮೇಲಿನ ತೆಳುವಾದ ಸಹಜ ಲೇಪವೂ ಹೋಗುತ್ತದೆ, ಆದ್ದರಿಂದ ಅಲ್ಲಿ ಫ್ರಿಜ್ ಅನಿವಾರ್ಯ. ಯುರೋಪಿನ ಬಹುತೇಕ ದೇಶಗಳು ಆ ಲೇಪ ಉಳಿಯಲಿ ಎಂದು ತೊಳೆಯುವುದನ್ನೇ ನಿಷೇಧಿಸಿದವು.

1988ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಈಶಾನ್ಯ ರಾಜ್ಯಗಳಲ್ಲಿ ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಎಂಬ ಬಗೆಯಿಂದ ಜನ ಗುಂಪುಗುಂಪಾಗಿ ಕಾಯಿಲೆ ಬಿದ್ದ ಪ್ರಕರಣಗಳನ್ನು ಅದು ಪರಿಶೀಲಿಸಿತ್ತು. ಯಾವ ಆಹಾರದಿಂದ ಎಂದು ಗುರುತಿಸಲು ಸಾಧ್ಯವಾದ 35 ಪ್ರಕರಣಗಳಲ್ಲಿ 27ಕ್ಕೆ ಕಾರಣ ‘ಗ್ರೇಡ್ ಎ’ ಮೊಟ್ಟೆ ಅಥವಾ ಅದನ್ನು ಹಾಕಿದ ತಿನಿಸು. ಅಂದರೆ ದರ್ಜೆ ಪಡೆದ, ಬಿರುಕಿಲ್ಲದ ಮೊಟ್ಟೆ. ಈ ಬಗೆಯ ಬ್ಯಾಕ್ಟೀರಿಯಾ ಕೋಳಿಯ ಅಂಡಾಶಯದಲ್ಲೇ ನೆಲೆಸಿ, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯ ಒಳಗೆ ಸೇರಬಲ್ಲದು. ಕೋಳಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತಿರುತ್ತದೆ.

ಅದೇ ವರ್ಷದ ಡಿಸೆಂಬರ್ 3ರಂದು ಬ್ರಿಟನ್ನಿನ ಆರೋಗ್ಯ ಖಾತೆಯ ಕಿರಿಯ ಸಚಿವೆ ಎಡ್ವಿನಾ ಕರಿ, ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ತಗುಲಿದೆ ಎಂದರು. ಮೊಟ್ಟೆಯ ಮಾರಾಟ ಕುಸಿಯಿತು. ಮಾತು ಅತಿಯಾಯಿತು ಎಂಬ ಗದ್ದಲದಲ್ಲಿ ಎರಡು ವಾರದೊಳಗೆ ಅವರು ರಾಜೀನಾಮೆ ಕೊಟ್ಟರು. ಅವರ ಮಾತಿನ ಪ್ರಮಾಣ ತಪ್ಪಿರಬಹುದು, ಸಮಸ್ಯೆ ಇದ್ದದ್ದು ನಿಜ. ಬ್ರಿಟನ್ ಅದನ್ನು ಬಗೆಹರಿಸಿದ್ದು ಮುಖ್ಯವಾಗಿ ಕೋಳಿಗೆ ಲಸಿಕೆ ಹಾಕಿ. 1998ರಲ್ಲಿ ಸಿಂಹದ ಮುದ್ರೆಯ ಮೊಟ್ಟೆಗಳು ಮರಳಿ ಬಂದಾಗ ಲಸಿಕೆ ಪಡೆದ ಕೋಳಿಗಳು, ಚಿಪ್ಪಿನ ಮೇಲೆಯೇ ‘ಬೆಸ್ಟ್ ಬಿಫೋರ್’ ತಾರೀಕು, ಎರಡೂ ಒಟ್ಟಿಗೆ ಇದ್ದವು. 2017ರಲ್ಲಿ ಅಲ್ಲಿನ ಆಹಾರ ಸಂಸ್ಥೆ ಆ ಮುದ್ರೆಯ ಮೊಟ್ಟೆಗಳನ್ನು ಗರ್ಭಿಣಿಯರೂ ಮಕ್ಕಳೂ ಅರೆಬೇಯಿಸಿ ತಿನ್ನಬಹುದು ಎಂದಿತು. ಆ ಮಾತಿಗೆ ಬಲ ಬಂದದ್ದು ತಾರೀಕಿನಿಂದಲ್ಲ, ಲಸಿಕೆಯಿಂದ.

ಹಾಗಾದರೆ ತಾರೀಕಿಗೂ ಸಾಲ್ಮೊನೆಲ್ಲಾಕ್ಕೂ ಸಂಬಂಧವೇ ಇಲ್ಲವೇ? ಇದೆ, ಬಳಸಿನ ದಾರಿಯಲ್ಲಿ. ಒಳಗೆ ಸೇರಿದ ಬ್ಯಾಕ್ಟೀರಿಯಾ ಮೊದಲಿಗೆ ಬೆರಳೆಣಿಕೆಯಷ್ಟಿರುತ್ತದೆ. ಬಿಳಿಭಾಗ ಅದಕ್ಕೆ ಬರಡು ನೆಲ. ಅಲ್ಲಿ ಕಬ್ಬಿಣದಂಶವನ್ನು ಪ್ರೋಟೀನುಗಳು ಕಟ್ಟಿಹಾಕಿರುತ್ತವೆ. ಊಟವೆಲ್ಲ ಇರುವುದು ಹಳದಿಯಲ್ಲಿ. ಹಳದಿಯ ಸುತ್ತಲಿನ ತೆಳುಪೊರೆ ಗಟ್ಟಿಯಾಗಿರುವವರೆಗೆ ಅದು ಒಳಹೋಗಲಾರದು. ಸುಮಾರು 20 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮೂರು ವಾರ ಕಳೆಯುವ ಹೊತ್ತಿಗೆ ಪೊರೆ ಸೋರತೊಡಗುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಬೇಗ ಬೆಳೆಯಬಲ್ಲದು. ಕಾವು ಹೆಚ್ಚಾದರೆ ಈ ಅವಧಿ ಇನ್ನೂ ಕಿರಿದಾಗುತ್ತದೆ. 7 ಡಿಗ್ರಿಯ ಕೆಳಗೆ ಪೊರೆಯೂ ಬಹುಕಾಲ ಉಳಿಯುತ್ತದೆ, ಸಾಲ್ಮೊನೆಲ್ಲಾ ಕೂಡ ಹೆಚ್ಚುಕಡಿಮೆ ಬೆಳೆಯದೆ ನಿಲ್ಲುತ್ತದೆ. ಎರಡೂ ಗಡಿಯಾರಗಳನ್ನು ಒಟ್ಟಿಗೆ ನಿಧಾನಗೊಳಿಸುವುದು ತಂಪು ಒಂದೇ.

ಅಯೋವಾದಲ್ಲಿ ಆದದ್ದು

ಇದೆಲ್ಲ ತಿಳಿದ ಮೇಲೆ 2010ರ ಬೇಸಿಗೆಗೆ ಮರಳಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ದೊಡ್ಡ ಫಾರ್ಮುಗಳಿಗಾಗಿ ಮೊಟ್ಟೆ ಸುರಕ್ಷತೆಯ ಹೊಸ ನಿಯಮ ತಂದಿತ್ತು. ಕೋಳಿಮನೆಯಲ್ಲಿ ಸಾಲ್ಮೊನೆಲ್ಲಾ ಪರೀಕ್ಷೆ, ಇಲಿಗಳ ನಿಯಂತ್ರಣ, ಮೊಟ್ಟೆ ಇಟ್ಟ 36 ಗಂಟೆಗಳ ನಂತರ 45 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್ ತಂಪು. ನಿಯಮ ಜಾರಿಗೆ ಬಂದದ್ದು 2010ರ ಜುಲೈ 9ಕ್ಕೆ. ರೈಟ್ ಕೌಂಟಿ ಎಗ್ ಪ್ರಕಟಣೆ ಬಂದದ್ದು ಐದು ವಾರದ ನಂತರ. ತನಿಖಾಧಿಕಾರಿಗಳು ಹೋಗಿ ನೋಡಿದಾಗ ಇಲಿಗಳಿದ್ದವು, ಕೋಳಿಮನೆಗಳ ಕೆಳಗಿನ ಗುಂಡಿಗಳಲ್ಲಿ ಹಿಕ್ಕೆ ಕೆಲವೆಡೆ ಎಂಟು ಅಡಿ ಎತ್ತರಕ್ಕೆ ಬೆಳೆದಿತ್ತು. ಇನ್ನೊಂದು ಕಂಪನಿಯ ಮೊಟ್ಟೆಗಳೂ ಸೇರಿ ವಾಪಸಾತಿಯ ಲೆಕ್ಕ ಸುಮಾರು 55 ಕೋಟಿ ಮೊಟ್ಟೆಗಳಿಗೆ ಏರಿತು. ಈ ಪ್ರಕರಣಕ್ಕೆ ಸಂಬಂಧಿಸಿದ್ದೆಂದು ರೋಗ ನಿಯಂತ್ರಣ ಕೇಂದ್ರ ಗುರುತಿಸಿದ ಕಾಯಿಲೆಗಳು 1,939.

ಅಂಥ ಹೊತ್ತಿನಲ್ಲಿ ಕೆಲಸಕ್ಕೆ ಬಂದದ್ದು ಮುಚ್ಚಿದ ಅಂಕಿಯೇ. ‘ಪಿ-1946 223’ ಇಲ್ಲದಿದ್ದರೆ ಹತ್ತಾರು ಬ್ರ್ಯಾಂಡುಗಳ ಪೆಟ್ಟಿಗೆಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬಹುದು ಎಂದು ಹೇಳುವ ದಾರಿಯೇ ಇರುತ್ತಿರಲಿಲ್ಲ. ತಿನ್ನುವ ಗಡುವು ಹೇಳಲು ಅಷ್ಟೇನೂ ಸಮರ್ಥವಲ್ಲದ ಅಂಕಿ, ಎಲ್ಲಿಂದ ಬಂತು ಎಂದು ಹೇಳಲು ಸಮರ್ಥವಾಗಿತ್ತು.

ಆದರೆ ಕಥೆಯ ಕಹಿ ಭಾಗ ಬಯಲಾದದ್ದು ನಾಲ್ಕು ವರ್ಷಗಳ ಮೇಲೆ. 2014ರ ಜೂನ್‌ನಲ್ಲಿ, ಈ ಫಾರ್ಮುಗಳನ್ನು ನಡೆಸುತ್ತಿದ್ದ ಕ್ವಾಲಿಟಿ ಎಗ್ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಒಪ್ಪಿಕೊಂಡ ಅಪರಾಧಗಳಲ್ಲಿ ಕಲುಷಿತ ಮೊಟ್ಟೆ ಮಾರಿದ್ದು ಒಂದು. ದರ್ಜೆಗೆ ಇಳಿಯದ ಮೊಟ್ಟೆಗಳನ್ನು ಬಿಡಿಸಿಕೊಳ್ಳಲು ಕೃಷಿ ಇಲಾಖೆಯ ಪರಿವೀಕ್ಷಕನಿಗೆ ಲಂಚ ಕೊಟ್ಟದ್ದು ಇನ್ನೊಂದು. ಮೂರನೆಯದು ತಾರೀಕಿನದು. 2006ರಿಂದ 2010ರ ಆಗಸ್ಟಿನವರೆಗೆ ಕಂಪನಿಯ ಸಿಬ್ಬಂದಿ ಮೊಟ್ಟೆಯ ನಿಜವಾದ ವಯಸ್ಸು ಮರೆಮಾಚಲು ಕೆಲವು ರವಾನೆಗಳಿಗೆ ಸುಳ್ಳು ತಾರೀಕಿನ ಚೀಟಿ ಅಂಟಿಸಿದ್ದರು. ಕಂಪನಿಗೆ 67.9 ಲಕ್ಷ ಡಾಲರ್ ದಂಡವಾಯಿತು. ಮಾಲೀಕ ಆಸ್ಟಿನ್ ಡಿಕೋಸ್ಟರ್ ಹಾಗೂ ಅವರ ಮಗ ಪೀಟರ್‌ಗೆ 2015ರ ಏಪ್ರಿಲ್‌ನಲ್ಲಿ ತಲಾ ಮೂರು ತಿಂಗಳ ಜೈಲುಶಿಕ್ಷೆ ವಿಧಿಸಲಾಯಿತು.

ಡಿಸೆಂಬರಿನಲ್ಲಿ ಏಪ್ರಿಲ್ ಮೊಟ್ಟೆ ಮಾರುತ್ತಿದ್ದ ನೂರು ವರ್ಷ ಹಿಂದಿನ ವ್ಯಾಪಾರಿಗೂ ಇವರಿಗೂ ವ್ಯತ್ಯಾಸ ಸ್ವಲ್ಪವೇ. ಅವನಿಗೆ ಸುಳ್ಳು ಹೇಳಲು ಬಾಯಿ ಬೇಕಿತ್ತು, ಇವರಿಗೆ ಚೀಟಿ ಸಾಕಾಯಿತು. ಚಿಪ್ಪು ತಾನಾಗಿ ಏನೂ ಹೇಳದ ಕಾರಣಕ್ಕೇ ತಾರೀಕು ಹುಟ್ಟಿತು. ಅದೇ ಕಾರಣಕ್ಕೆ ತಾರೀಕನ್ನು ಬರೆಯುವವರನ್ನು ನಂಬದೆ ಬೇರೆ ದಾರಿಯಿಲ್ಲ.

ತಾರೀಕು ದಾಟಿದ ಮೇಲೆ ಎಷ್ಟು ದಿನ?

ಅಮೆರಿಕದ ಕೃಷಿ ಇಲಾಖೆಯ ಉತ್ತರ ಸರಳ. ಫ್ರಿಜ್‌ನಲ್ಲಿ ಮಾರಿದ ಮೊಟ್ಟೆಯನ್ನು ಮನೆಗೆ ತಂದು ಫ್ರಿಜ್‌ನಲ್ಲಿಟ್ಟರೆ, ಇಟ್ಟ ದಿನದಿಂದ ಮೂರರಿಂದ ಐದು ವಾರ ಚಿಂತೆಯಿಲ್ಲ. ‘ಸೆಲ್ ಬೈ’ ತಾರೀಕು ಆ ನಡುವೆ ದಾಟಿಹೋಗುವುದು ಸಾಮಾನ್ಯ, ಅದಕ್ಕಾಗಿ ಎಸೆಯಬೇಕಿಲ್ಲ. 223ರ ಅಂಕಿಯ ಒಳ್ಳೆಯ ಮೊಟ್ಟೆಯೊಂದನ್ನು ಆಗಸ್ಟ್ 20ಕ್ಕೆ ಕೊಂಡರೆ, ಸೆಪ್ಟೆಂಬರ್ 9 ದಾಟಿ ಸೆಪ್ಟೆಂಬರ್ 24ರವರೆಗೂ ಅದು ಐದು ವಾರದ ಒಳಗೇ ಇರುತ್ತದೆ. ಬಾಗಿಲಿನ ಗೂಡಿನಲ್ಲಿ ಇಡುವುದಕ್ಕಿಂತ ಒಳಗಿನ ತಟ್ಟೆಯಲ್ಲಿ ಇಡುವುದು ಒಳ್ಳೆಯದು, ಬಾಗಿಲು ತೆಗೆದಾಗಲೆಲ್ಲ ಕಾವು ಏರಿಳಿಯುವುದು ಅಲ್ಲೇ. ಬೇಯಿಸಿದ ಮೊಟ್ಟೆಗೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ. ಅದಕ್ಕೆ ಫ್ರಿಜ್‌ನಲ್ಲೂ ಒಂದೇ ವಾರ.

ಯುರೋಪಿನ ಉತ್ತರ ಇನ್ನಷ್ಟು ಹಿಡಿತದ್ದು, ಅಲ್ಲಿ ಅಂಗಡಿಯಲ್ಲಿ ಮೊಟ್ಟೆ ಫ್ರಿಜ್‌ನಲ್ಲಿ ಇರಬೇಕೆಂದಿಲ್ಲವಲ್ಲ. ಇಟ್ಟ ದಿನದಿಂದ 21 ದಿನದೊಳಗೆ ಮೊಟ್ಟೆ ಗಿರಾಕಿಯ ಕೈ ಸೇರಬೇಕು ಎಂಬ ನಿಯಮವನ್ನು ಸಡಿಲಿಸಬಹುದೇ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2014ರಲ್ಲಿ ಲೆಕ್ಕ ಹಾಕಿತು. ಅವಧಿ ಹಿಗ್ಗಿದಷ್ಟೂ ಹಸಿಯಾಗಿ ಅಥವಾ ಅರೆಬೇಯಿಸಿ ತಿನ್ನುವವರಿಗೆ ಅಪಾಯ ಏರುತ್ತದೆ ಎಂದು ಅದು ಹೇಳಿತು. ಮುಂದೆ 2022ರಲ್ಲಿ, ಒಳ್ಳೆಯ ಮೊಟ್ಟೆ ವ್ಯರ್ಥವಾಗುವುದನ್ನೂ ಗಮನಿಸಿ, ಆ ಗಡುವನ್ನು ‘ಬೆಸ್ಟ್ ಬಿಫೋರ್’ನ 28 ದಿನಕ್ಕೇ ಸರಿಹೊಂದಿಸಲಾಯಿತು.

ಭಾರತದ ನಗರಗಳಲ್ಲಿ ಆರು, ಹತ್ತರ ಪೊಟ್ಟಣಗಳ ಮೇಲೆ ತಾರೀಕು ಇರುತ್ತದೆ. ಆದರೆ ಹೆಚ್ಚಿನ ಮೊಟ್ಟೆ ಈಗಲೂ ಮಾರಾಟವಾಗುವುದು ಮೂವತ್ತರ ಟ್ರೇಯಿಂದ ಬಿಡಿಬಿಡಿಯಾಗಿ, ತಾರೀಕಿಲ್ಲದೆ, ಹೊರಗಿನ ಕಾವಿನಲ್ಲೇ. ಇಲ್ಲಿ ಅಮೆರಿಕದ ಐದು ವಾರವನ್ನು ಹಾಗೇ ಎತ್ತಿ ತರುವಂತಿಲ್ಲ. ಹೊರಗಿನ ಒಂದು ದಿನ ಫ್ರಿಜ್‌ನ ಒಂದು ವಾರಕ್ಕೆ ಸಮ ಎಂಬುದು ಮೊಟ್ಟೆಯ ವ್ಯಾಪಾರದಲ್ಲಿ ಹಳೆಯ ಮಾತು. ಚೆನ್ನೈನ ಮೇ ತಿಂಗಳಲ್ಲಿ ಅದು ಅತಿಶಯವೇನಲ್ಲ. ಪೊಟ್ಟಣದ ಮೇಲೆ ಪ್ಯಾಕ್ ಆದ ದಿನ ಇದ್ದರೆ ಮೊದಲು ಅದನ್ನು ಓದಬೇಕು. ಗಡುವಿನ ತಾರೀಕು ಕಂಪನಿಯ ಅಂದಾಜು, ಪ್ಯಾಕಿಂಗ್ ದಿನ ನಡೆದ ಘಟನೆ. ಆಮೇಲೆ ಅದು ಅಂಗಡಿಯಲ್ಲಿ ಎಲ್ಲಿತ್ತು ಎಂದು ನೋಡಬೇಕು. ತಂದ ಮೇಲೆ ಫ್ರಿಜ್‌ನಲ್ಲಿಟ್ಟರೆ ಅಲ್ಲೇ ಇರಬೇಕು. ತಣ್ಣನೆಯ ಮೊಟ್ಟೆಯನ್ನು ಹೊರಗಿಟ್ಟರೆ ಚಿಪ್ಪು ಬೆವರುತ್ತದೆ, ಆ ತೇವದ ಜೊತೆ ಹೊರಗಿನ ಬ್ಯಾಕ್ಟೀರಿಯಾ ರಂಧ್ರಗಳೊಳಗೆ ಇಳಿಯುತ್ತದೆ.

ತಾರೀಕು ದಾಟಿದ, ಆದರೆ ಫ್ರಿಜ್ ಬಿಟ್ಟು ಕದಲದ, ಬಿರುಕಿಲ್ಲದ ಮೊಟ್ಟೆಯನ್ನು ಬೇರೆ ಬಟ್ಟಲಿಗೆ ಒಡೆದು, ನೋಡಿ, ಮೂಸಿ, ಪೂರ್ತಿ ಬೇಯಿಸಿ ತಿನ್ನಬಹುದು. ಬಿಳಿ ನೀರಾಗಿ ಹರಡಿದರೆ ಅದು ವಯಸ್ಸು ಮಾತ್ರ, ಆಮ್ಲೆಟ್ಟಿಗೆ ಅಡ್ಡಿಯಿಲ್ಲ. ಬಿಳಿಯೂ ಹಳದಿಯೂ ಗಟ್ಟಿಯಾಗುವವರೆಗೆ, ಅಂದರೆ ಒಳಗೆ ಸುಮಾರು 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೆಂದರೆ ಸಾಲ್ಮೊನೆಲ್ಲಾ ಉಳಿಯುವುದಿಲ್ಲ. ಹಸಿ ಮೊಟ್ಟೆಯ ಮೇಯೊನೀಸ್, ಅರೆಬೆಂದ ಹಳದಿ, ಇವುಗಳ ವಿಷಯ ಬೇರೆ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಂತೂ ಅವಕ್ಕೆ ತಾರೀಕು ದಾಟಿದ ಮೊಟ್ಟೆ ಬೇಡ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ತಾಜಾ ಮೊಟ್ಟೆಯೂ ಬೇಡ. 2010ರ ಆಗಸ್ಟ್ 13ರಂದು ಅಮೆರಿಕದ ಅಂಗಡಿಗಳಲ್ಲಿದ್ದ 223ರ ಪೆಟ್ಟಿಗೆಗಳಲ್ಲಿ ಇದ್ದದ್ದು ಅಂಥ ತಾಜಾ ಮೊಟ್ಟೆಗಳೇ.